ಸಹಾಯ ಬೇಕು: ಕಾಮಾ ಹಾಕಿ ವಾಕ್ಯ ಅಂಟಿಸುವ ಮಕ್ಕಳು

ನಮಸ್ಕಾರ. ಡೊಂಬಿವಲಿಯಲ್ಲಿ ಮನೆಯಲ್ಲೇ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಮಾಡ್ತೀನಿ. ಪ್ರಬಂಧಗಳಲ್ಲಿ ಒಂದೇ ತಪ್ಪು ಮತ್ತೆ ಮತ್ತೆ. ನಿನ್ನೆಯದು ನೋಡಿ: "ದ ಟ್ರೇನ್ ವಾಸ್ ಲೇಟ್, ಐ ಮಿಸ್ಡ್ ದ ಟೆಸ್ಟ್." ಎರಡು ಪೂರ್ಣ ವಾಕ್ಯ, ನಡುವೆ ಬರೀ ಕಾಮಾ. ಕೆಲವರು ಅದನ್ನೂ ಹಾಕಲ್ಲ, ಆಗ ರನ್-ಆನ್.

ಫುಲ್‌ಸ್ಟಾಪ್ ಅಥವಾ ಸೆಮಿಕೋಲನ್ ಇಡಿ, ಇಲ್ಲವೇ ಕಾಮಾ ಉಳಿಸಿ 'ಸೋ' ಸೇರಿಸಿ ಅಂತ ಹೇಳಿಕೊಟ್ಟಿದ್ದೀನಿ. ನನಗೆ ಹೆಚ್ಚು ಹಿಡಿಸೋದು ಶುರುವಿಗೇ 'ಬಿಕಾಸ್' ಸೇರಿಸೋದು. ಆಗ ಮೊದಲ ಭಾಗ ಒಂಟಿಯಾಗಿ ನಿಲ್ಲಲ್ಲ, ಅದೇ ಕಾಮಾ ಸರಿಹೋಗುತ್ತೆ, ಕಾರಣವೂ ಕಾಣುತ್ತೆ.

ತೊಡಕಿರೋದು 'ದೇರ್‌ಫೋರ್' ಹತ್ತಿರ. 'ಸೋ' ತೆಗೆದು ಅದನ್ನು ಬರೀತಾರೆ, ಹಿಂದಿನ ಕಾಮಾ ಹಾಗೇ ಬಿಡ್ತಾರೆ. "ಆಂಟಿ, ಅರ್ಥ ಒಂದೇ ಅಲ್ವಾ?" ಅಂತಾರೆ. ಅರ್ಥ ಒಂದೇ, ಆದರೆ ಅದು ಕ್ರಿಯಾವಿಶೇಷಣ, ವಾಕ್ಯ ಜೋಡಿಸಲ್ಲ. "ಐ ದೇರ್‌ಫೋರ್ ಮಿಸ್ಡ್" ಅಂತ ಒಳಗೆ ಸರಿಸಬಹುದು. "ಐ ಸೋ ಮಿಸ್ಡ್" ಅಂದರೆ ಆ ಅರ್ಥ ಬರಲ್ಲ. ಹಾಗಾಗಿ 'ದೇರ್‌ಫೋರ್' ಹಿಂದೆ ಸೆಮಿಕೋಲನ್ ಅಥವಾ ಫುಲ್‌ಸ್ಟಾಪ್ ಬೇಕು. 'ಹೌಎವರ್' ಕಥೆಯೂ ಇದೇ.

ಪಾಠದಲ್ಲಿ ಒಪ್ತಾರೆ, ಬರೆಯುವಾಗ ಮರೀತಾರೆ. ಕನ್ನಡದಲ್ಲಿ "ಟ್ರೇನ್ ತಡವಾಗಿ ಟೆಸ್ಟ್ ತಪ್ಪಿತು" ಅಂದರೆ ಒಂದೇ ಪೂರ್ಣ ಕ್ರಿಯಾಪದ. ಆ ಅಭ್ಯಾಸವೇ ಕಾರಣ ಅಂತ ನನ್ನ ಗುಮಾನಿ. ಬರೆದದ್ದನ್ನು ತಾವೇ ತಿದ್ದಿಕೊಳ್ಳುವಂತೆ ಮಾಡಲು ನೀವು ಯಾವ ಅಭ್ಯಾಸ ಕೊಡ್ತೀರಿ? ಕಲಿಸುವವರು ಯಾರಾದರೂ ಹೇಳಿ, ಪ್ಲೀಸ್.