ಒಂದೇ ಮಗು, ಎರಡು ಅಂಕಿ: 1.78 ಮತ್ತು 17.8

ಪ್ರಶ್ನೆ (ಹಾಸನದ ಒಬ್ಬ ತಂದೆ): ನನ್ನ ಮಗಳು 38ನೇ ವಾರದಲ್ಲಿ ಹುಟ್ಟಿದಾಗ 2,100 ಗ್ರಾಂ ತೂಕ, 49 ಸೆಂ.ಮೀ. ಉದ್ದ ಇದ್ದಳು. ಡಿಸ್ಚಾರ್ಜ್ ಕಾರ್ಡಿನಲ್ಲಿ ಪಾಂಡರಲ್ ಇಂಡೆಕ್ಸ್ 1.78, ಕಡಿಮೆ ಎಂದು ಬರೆದಿದ್ದಾರೆ. ಮೊಬೈಲ್ ಆ್ಯಪಿನಲ್ಲಿ ಅದೇ ಲೆಕ್ಕ 17.8 ಎಂದು ಬಂದು, ಹೆಚ್ಚು ಎಂದು ಕೆಂಪು ಬಣ್ಣ ತೋರಿಸುತ್ತಿದೆ. ಯಾವುದು ಸರಿ? ನನ್ನ ಎತ್ತರ 193 ಸೆಂ.ಮೀ., ತೂಕ 95 ಕೆ.ಜಿ.; ಬಿಎಂಐ 25.5 ಇರುವುದರಿಂದ ನನಗೆ ಬೊಜ್ಜು ಎನ್ನುತ್ತಾರೆ. ನನಗೂ ಇದೇ ಇಂಡೆಕ್ಸ್ ನೋಡಬಹುದೇ?

ಮಕ್ಕಳ ತಜ್ಞೆ: ಎರಡೂ ಅಂಕಿಗಳು ಸರಿಯೇ, ಅಳತೆಗೋಲು ಮಾತ್ರ ಬೇರೆ. ಪಾಂಡರಲ್ ಇಂಡೆಕ್ಸ್ ಎಂದರೆ ಉದ್ದಕ್ಕೆ ಹೋಲಿಸಿ ತೂಕವನ್ನು ನೋಡುವ ಲೆಕ್ಕ. ನವಜಾತ ಶಿಶುಗಳಿಗೆ ನಾವು ಗ್ರಾಂ ಲೆಕ್ಕದ ತೂಕವನ್ನು ನೂರರಿಂದ ಗುಣಿಸಿ, ಸೆಂಟಿಮೀಟರ್ ಲೆಕ್ಕದ ಉದ್ದದ ಘನದಿಂದ ಭಾಗಿಸುತ್ತೇವೆ. ಆ್ಯಪ್ ಕಿಲೋಗ್ರಾಂ ಮತ್ತು ಮೀಟರ್ ಬಳಸುವುದರಿಂದ ಉತ್ತರ ಹತ್ತು ಪಟ್ಟಾಗಿದೆ. ಅದು ಕೆಂಪಾಗಲು ಕಾರಣ, ವಯಸ್ಕರಿಗೆ ಬಳಸುವ ಸುಮಾರು 11ರಿಂದ 15ರ ಮಿತಿಯನ್ನು ಶಿಶುವಿಗೂ ಹಚ್ಚಿರುವುದು. ದಿನ ತುಂಬಿದ ಮಗುವಿನ ಇಂಡೆಕ್ಸ್ ಸಾಮಾನ್ಯವಾಗಿ 2.5ರ ಆಸುಪಾಸಿನಲ್ಲಿರುತ್ತದೆ, 2ಕ್ಕಿಂತ ಕೆಳಗಿದ್ದರೆ ಮಗು ತನ್ನ ಉದ್ದಕ್ಕೆ ತಕ್ಕಷ್ಟು ಮೈತುಂಬಿಕೊಂಡಿಲ್ಲ ಎಂದು ತಿಳಿಯುತ್ತೇವೆ. ಆದ್ದರಿಂದ ಕಾರ್ಡಿನಲ್ಲಿ ಬರೆದಿರುವ ಅರ್ಥವನ್ನೇ ನಂಬಿರಿ.

ತೂಕವೊಂದನ್ನೇ ನೋಡಿದರೆ ಏನು ತಪ್ಪಿಹೋಗುತ್ತದೆ ಎಂಬುದಕ್ಕೆ ಇನ್ನೊಂದು ಮಗುವನ್ನು ಊಹಿಸಿಕೊಳ್ಳಿ: ಅದೂ 38 ವಾರ, ಅದೂ 2,100 ಗ್ರಾಂ, ಆದರೆ ಉದ್ದ 44 ಸೆಂ.ಮೀ. ಅದರ ಇಂಡೆಕ್ಸ್ 2.47. ಆ ಮಗು ಎಲ್ಲ ಅಳತೆಯಲ್ಲೂ ಚಿಕ್ಕದು, ಆದರೆ ಸಣಕಲಲ್ಲ. ಅದರ ಬೆಳವಣಿಗೆ ಗರ್ಭದಲ್ಲಿ ಬೇಗನೆ ಕುಂಠಿತವಾಗಿರಬಹುದು, ಅಥವಾ ಅದು ಚಿಕ್ಕ ಮೈಕಟ್ಟಿನ ಮನೆತನದ್ದೇ ಆಗಿರಬಹುದು. ನಿಮ್ಮ ಮಗಳ ತಲೆ ಮತ್ತು ಉದ್ದ ಬೆಳೆದಿವೆ, ಕೊಬ್ಬು ಮತ್ತು ಸ್ನಾಯು ಮಾತ್ರ ತುಂಬಿಲ್ಲ. ಕೊನೆಯ ತಿಂಗಳುಗಳಲ್ಲಿ ಮಾಸಿನಿಂದ ಪೋಷಣೆ ಕಡಿಮೆಯಾದಾಗ ಹೀಗಾಗುವುದುಂಟು. ಇಂಥ ಶಿಶುಗಳ ಯಕೃತ್ತಿನಲ್ಲಿ ಸಕ್ಕರೆಯ ದಾಸ್ತಾನು ಕಡಿಮೆಯಿರುವುದರಿಂದ ಮೊದಲ ಎರಡು ದಿನ ರಕ್ತದ ಸಕ್ಕರೆಯನ್ನೂ ಮೈಯ ಬಿಸಿಯನ್ನೂ ಮತ್ತೆ ಮತ್ತೆ ನೋಡುತ್ತೇವೆ. ಇಂಡೆಕ್ಸ್‌ನ ನಿಜವಾದ ಬಳಕೆ ಅಲ್ಲಿಯೇ ಇದೆ.

ಮತ್ತೊಬ್ಬ ಸದಸ್ಯೆ: ಡಾಕ್ಟ್ರೇ, ನನ್ನ ಮಗನಿಗೆ ನಾಲ್ಕು ವರ್ಷ, ಪಕ್ಕೆಲುಬು ಕಾಣುತ್ತವೆ. ಅವನ ಇಂಡೆಕ್ಸ್ ಎಷ್ಟಿರಬೇಕು?

ಮಕ್ಕಳ ತಜ್ಞೆ: ಅಮ್ಮಾ, ಈ ಮಿತಿಗಳು ಹುಟ್ಟಿದ ಹೊತ್ತಿನವು. ನಿಮ್ಮ ಮಗನಿಗೆ ವಿಶ್ವ ಆರೋಗ್ಯ ಸಂಸ್ಥೆಯ ಎತ್ತರಕ್ಕೆ ತಕ್ಕ ತೂಕದ ನಕ್ಷೆ ಬೇಕು. ಅಂಗನವಾಡಿಯಲ್ಲಿ ಎರಡನ್ನೂ ಅಳೆಸಿ ತನ್ನಿ. ಪಕ್ಕೆಲುಬು ಕಾಣುವುದೊಂದರಿಂದಲೇ ಏನನ್ನೂ ಹೇಳಲಾಗದು.

ಬಾಣಂತಿ ವಾರ್ಡಿನ ನರ್ಸ್: ಮೇಡಂ, ಆ 49 ಸೆಂ.ಮೀ. ಅನ್ನು ಯಾವುದರಲ್ಲಿ ಅಳೆದರು ಎಂದು ಮೊದಲು ಕೇಳಬೇಕಿತ್ತು. ಟೇಪಿನಲ್ಲಿ ಅಳೆದರೆ ಮಗು ಕಾಲು ಮಡಚಿಕೊಂಡಿರುತ್ತದೆ, ಎರಡು ಸೆಂಟಿಮೀಟರ್ ಸುಲಭವಾಗಿ ತಪ್ಪುತ್ತದೆ. ಇದೇ ಮಗುವನ್ನು 47 ಎಂದು ಬರೆದಿದ್ದರೆ ಇಂಡೆಕ್ಸ್ 2.02 ಬರುತ್ತಿತ್ತು, ಯಾರೂ ತಿರುಗಿ ನೋಡುತ್ತಿರಲಿಲ್ಲ.

ಮಕ್ಕಳ ತಜ್ಞೆ: ಸಿಸ್ಟರ್ ಹೇಳಿದ್ದು ನನ್ನ ಉತ್ತರದಲ್ಲಿ ಇರಬೇಕಿದ್ದ ಮಾತು. ಉದ್ದವನ್ನು ಮೂರು ಬಾರಿ ಗುಣಿಸುವುದರಿಂದ ಅದರಲ್ಲಿನ ತಪ್ಪೂ ಸುಮಾರು ಮೂರು ಪಟ್ಟಾಗುತ್ತದೆ. ಈ ಗಾತ್ರದ ಮಗುವಿನಲ್ಲಿ ಒಂದು ಸೆಂಟಿಮೀಟರ್ ತಪ್ಪಿದರೆ ಇಂಡೆಕ್ಸ್ ಶೇ. 6ರಷ್ಟು ಸರಿಯುತ್ತದೆ. ಇನ್‌ಫ್ಯಾಂಟೋಮೀಟರ್ ಹಲಗೆಯ ಮೇಲೆ ಮಲಗಿಸಿ, ಒಬ್ಬರು ತಲೆ ಹಿಡಿದು, ಇನ್ನೊಬ್ಬರು ಮಂಡಿ ನೇರ ಮಾಡಿ ಅಳೆದರೆ ಮಾತ್ರ ಆ ಸಂಖ್ಯೆಗೆ ಬೆಲೆ. ಮೂರನೆಯ ದಿನದ ಇಳಿದ ತೂಕವನ್ನು ಹುಟ್ಟಿದ ದಿನದ ಉದ್ದಕ್ಕೆ ಜೋಡಿಸುವ ತಪ್ಪನ್ನೂ ನೋಡಿದ್ದೇನೆ. ಅನುಮಾನವಿದ್ದಲ್ಲಿ ನಾನು ಮಗುವಿನ ತೊಡೆ ಮತ್ತು ಪೃಷ್ಠದ ಚರ್ಮವನ್ನು ನೋಡುತ್ತೇನೆ. ಸಡಿಲವಾದ ನೆರಿಗೆಗಳು ಬಿದ್ದಿದ್ದರೆ ಇಂಡೆಕ್ಸ್ 2.02 ಎಂದು ಬಂದರೂ ಆ ಮಗುವನ್ನು ಸಣಕಲೆಂದೇ ಪರಿಗಣಿಸುತ್ತೇನೆ.

ಪ್ರಶ್ನೆ ಕೇಳಿದವರು: ಹಲಗೆಯ ಮೇಲೆಯೇ ಅಳೆದಿದ್ದರು, ಇಬ್ಬರು ಹಿಡಿದಿದ್ದರು. ತೊಡೆಯ ಚರ್ಮ ಸಡಿಲವಾಗಿತ್ತು. ಆದರೆ ಶಿಶುವಿಗೂ ಬಿಎಂಐ ಏಕೆ ಸಾಲದು?

ಮಕ್ಕಳ ತಜ್ಞೆ: 32 ವಾರಕ್ಕೆ ಹುಟ್ಟಿದ, ಆ ವಾರಕ್ಕೆ ತಕ್ಕಂತೆ ಬೆಳೆದ, 1,800 ಗ್ರಾಂ ಮತ್ತು 42 ಸೆಂ.ಮೀ.ನ ಮಗುವನ್ನು, ದಿನ ತುಂಬಿದ 3,000 ಗ್ರಾಂ ಮತ್ತು 49 ಸೆಂ.ಮೀ.ನ ಮಗುವಿನ ಪಕ್ಕದಲ್ಲಿಡಿ. ಅವುಗಳ ಬಿಎಂಐ 10.2 ಮತ್ತು 12.5, ಇಂಡೆಕ್ಸ್ 2.43 ಮತ್ತು 2.55. ಮೈಕಟ್ಟು ಹೆಚ್ಚುಕಡಿಮೆ ಒಂದೇ ಆಗಿದ್ದರೂ, ತೂಕವನ್ನು ಉದ್ದದ ವರ್ಗದಿಂದ ಭಾಗಿಸುವ ಬಿಎಂಐ ಬದಲಾಗುತ್ತದೆ, ಏಕೆಂದರೆ ಗರ್ಭದ ಕೊನೆಯ ತಿಂಗಳುಗಳಲ್ಲಿ ತೂಕ ಉದ್ದದ ಘನಕ್ಕೆ ಹತ್ತಿರವಾಗಿ ಏರುತ್ತದೆ. ಪ್ರತಿ ವಾರಕ್ಕೂ ಪ್ರತ್ಯೇಕ ಬಿಎಂಐ ನಕ್ಷೆ ಕೈಯಲ್ಲಿದ್ದರೆ, ಅವಧಿಗೆ ಮುಂಚೆ ಹುಟ್ಟಿದವರಿಗೆ ಅದೇ ಮೇಲು ಎನ್ನುವ ತಜ್ಞರೂ ಇದ್ದಾರೆ. ಈ ವಾದ ಇನ್ನೂ ನಡೆದೇ ಇದೆ. ನಕ್ಷೆಯಿಲ್ಲದ ಸಣ್ಣ ಆಸ್ಪತ್ರೆಯಲ್ಲಿ ನಾನಂತೂ ಇಂಡೆಕ್ಸ್ ಬಿಡುವುದಿಲ್ಲ.

ಮೆಕ್ಯಾನಿಕಲ್ ಎಂಜಿನಿಯರ್ ಸದಸ್ಯ: ಅಂದರೆ ಬಿಎಂಐ ಸೂತ್ರವೇ ತಪ್ಪು. ದೇಹಕ್ಕೆ ಮೂರು ಆಯಾಮ, ಆದ್ದರಿಂದ ಘನವೇ ಸರಿ. ಪ್ರಶ್ನೆ ಕೇಳಿದವರ ಇಂಡೆಕ್ಸ್ 13.2, ಮಿತಿಯ ನಡುವೆಯೇ ಇದೆ. ಅವರು ನಿಶ್ಚಿಂತೆಯಿಂದಿರಬಹುದು.

ಮಕ್ಕಳ ತಜ್ಞೆ: ವಯಸ್ಕರು ನನ್ನ ಕ್ಷೇತ್ರವಲ್ಲ, ಜನರಲ್ ಮೆಡಿಸಿನ್‌ನ ಗೆಳೆಯರನ್ನು ಕರೆದಿದ್ದೇನೆ.

ಫಿಜಿಷಿಯನ್: ಎಂಜಿನಿಯರ್ ಅವರ ಲೆಕ್ಕ ಸರಿ, ಊಹೆ ಅರ್ಧ ಸರಿ. 170 ಸೆಂ.ಮೀ., 65 ಕೆ.ಜಿ.ಯ ಒಬ್ಬನನ್ನು ಎಲ್ಲ ದಿಕ್ಕಿನಲ್ಲೂ ಸಮನಾಗಿ ಹಿಗ್ಗಿಸಿ 193ಕ್ಕೆ ಏರಿಸಿದರೆ ತೂಕ 95 ಕೆ.ಜಿ. ಆಗುತ್ತದೆ. ಘನದ ಲೆಕ್ಕ ಇವರಿಬ್ಬರನ್ನೂ ಒಂದೇ ಎನ್ನುತ್ತದೆ. ಆದರೆ ಎತ್ತರದವರು ಹಾಗೆ ಹಿಗ್ಗಿಸಿದ ಗೊಂಬೆಗಳಲ್ಲ. ಎತ್ತರಕ್ಕೆ ಹೋಲಿಸಿದರೆ ಅವರ ಅಗಲ ಕಡಿಮೆ. ಬೆಳೆದ ಜನರ ತೂಕ ಹೆಚ್ಚುಕಡಿಮೆ ಎತ್ತರದ ವರ್ಗದಂತೆ ಏರುತ್ತದೆ ಎಂಬುದನ್ನು ಬೆಲ್ಜಿಯಂನ ಕೆಟ್ಲೆ 1830ರ ದಶಕದಲ್ಲೇ ಗಮನಿಸಿದ್ದರು. ಬಿಎಂಐ ಹುಟ್ಟಿದ್ದು ಅದರಿಂದಲೇ. ವರ್ಗದ ಲೆಕ್ಕ ಹಿಡಿದರೆ ಆ 65 ಕೆ.ಜಿ.ಗೆ ಸಮನಾಗುವುದು ಸುಮಾರು 84 ಕೆ.ಜಿ. ಗಣಿತಜ್ಞ ಟ್ರೆಫೆಥನ್ 2013ರಲ್ಲಿ ಎರಡಕ್ಕೂ ನಡುವೆ, ಎರಡೂವರೆ ಘಾತವನ್ನು ಸೂಚಿಸಿ, ಉತ್ತರವನ್ನು 1.3ರಿಂದ ಗುಣಿಸಿದರು. ಆ ಲೆಕ್ಕದಲ್ಲಿ ಈ ಸದಸ್ಯರಿಗೆ 23.9 ಬರುತ್ತದೆ. ನಮ್ಮಲ್ಲಿ ಬಿಎಂಐ 23ರಿಂದಲೇ ಹೆಚ್ಚು ತೂಕ, 25ರಿಂದ ಬೊಜ್ಜು ಎಂದು ಎಣಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇಷ್ಟು ಎತ್ತರದವರಿಗೆ ಬಿಎಂಐ ತುಸು ಹೆಚ್ಚು ಹೇಳುತ್ತದೆ, ಪಾಂಡರಲ್ ಇಂಡೆಕ್ಸ್ ಸಾಕಷ್ಟು ಕಡಿಮೆ ಹೇಳುತ್ತದೆ. ಎರಡೂ ಒಂದೇ ಮಾತು ಹೇಳಿದರೆ ನಂಬಬಹುದು. ಇಲ್ಲಿ ಹೇಳುತ್ತಿಲ್ಲ, ಆದ್ದರಿಂದ ಟೇಪು ಹಿಡಿಯಬೇಕು. ಉಸಿರು ಬಿಟ್ಟ ಮೇಲೆ, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಸುತ್ತಳತೆ ಎಷ್ಟಿದೆ?

ಪ್ರಶ್ನೆ ಕೇಳಿದವರು: ಎರಡು ಬಾರಿ ಅಳೆದೆ ಸಾರ್, 94 ಸೆಂ.ಮೀ.

ಫಿಜಿಷಿಯನ್: ಸುತ್ತಳತೆ ಎತ್ತರದ ಅರ್ಧದೊಳಗೆ, ಅಂದರೆ ನಿಮಗೆ 96.5ರೊಳಗೆ, ಇರಬೇಕು ಎಂಬ ನಿಯಮವನ್ನು ನೀವು ದಾಟಿಲ್ಲ. ಆದರೆ ಭಾರತೀಯ ಗಂಡಸರಿಗೆ ಹೇಳುವ 90 ಸೆಂ.ಮೀ. ಮಿತಿಯನ್ನು ದಾಟಿದ್ದೀರಿ, ಆ ಮಿತಿಯೋ ಎತ್ತರವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬೊಜ್ಜು ಎಂಬ ಹಣೆಪಟ್ಟಿಯನ್ನು ನಾನು ಅಂಟಿಸಲಾರೆ, ನಿಶ್ಚಿಂತೆಯಿಂದಿರಿ ಎಂದೂ ಹೇಳಲಾರೆ. ಖಾಲಿ ಹೊಟ್ಟೆಯ ಸಕ್ಕರೆ, ಕೊಬ್ಬಿನ ಪರೀಕ್ಷೆ ಮತ್ತು ರಕ್ತದೊತ್ತಡದ ವಿವರಗಳೊಂದಿಗೆ ಬನ್ನಿ.

ಮಕ್ಕಳ ತಜ್ಞೆ: ಮಗಳ ಇಂಡೆಕ್ಸನ್ನು ಇನ್ನು ಪ್ರತಿ ವಾರ ಲೆಕ್ಕ ಹಾಕಬೇಡಿ. ಈಗ ನೋಡಬೇಕಾದದ್ದು ದಿನಕ್ಕೆ 20ರಿಂದ 30 ಗ್ರಾಂ ತೂಕ ಏರುತ್ತಿದೆಯೇ ಎಂಬುದನ್ನು. ವಾರಕ್ಕೊಮ್ಮೆ ಅದೇ ತಕ್ಕಡಿಯಲ್ಲಿ ತೂಗಿಸಿ ಬರೆದಿಡಿ.