‘ಸ್ವಯಂ ಡಬ್ಬಿಂಗ್’ ಎಂದರೆ ಯಾರು ಮಾಡಿದ ಡಬ್ಬಿಂಗ್?

ವಿಶಾಲಾಕ್ಷಿ, ಸಾಗರ

ಎಲ್ಲರಿಗೂ ನಮಸ್ಕಾರ. ನಮ್ಮ ಗ್ರಂಥಾಲಯದಲ್ಲಿ ಪ್ರೌಢಶಾಲೆಯ ಮಕ್ಕಳಿಗಾಗಿ ಯೂಟ್ಯೂಬಿನ ವಿಜ್ಞಾನ ವಿಡಿಯೊಗಳ ಪಟ್ಟಿಯೊಂದನ್ನು ಸಿದ್ಧಪಡಿಸುತ್ತಿದ್ದೇವೆ. ಪುಸ್ತಕಗಳ ಪಟ್ಟಿಯಲ್ಲಿರುವ ಹಾಗೆ ಶೀರ್ಷಿಕೆ, ಭಾಷೆ, ಕರ್ತೃ, ಅನುವಾದಕರು ಎಂಬ ಅಂಕಣಗಳನ್ನೇ ಇಟ್ಟುಕೊಂಡಿದ್ದೇವೆ. ಗ್ರಹಗಳ ಕುರಿತ ಒಂದು ವಿಡಿಯೊವನ್ನು ನಾನೂ ನನ್ನ ಸಹೋದ್ಯೋಗಿಯೂ ನಮ್ಮ ನಮ್ಮ ಮೊಬೈಲಿನಲ್ಲಿ ನೋಡಿ ವಿವರ ತುಂಬಿದೆವು. ನನ್ನ ಸಾಲಿನಲ್ಲಿ ಶೀರ್ಷಿಕೆಯೂ ಭಾಷೆಯೂ ಇಂಗ್ಲಿಷ್. ಅವರ ಸಾಲಿನಲ್ಲಿ ಎರಡೂ ಹಿಂದಿ. ಕೊಂಡಿ ಮಾತ್ರ ಒಂದೇ.

ವಿಡಿಯೊದ ಕೆಳಗಿನ ವಿವರಣೆಯನ್ನು ಪೂರ್ತಿ ಬಿಡಿಸಿ ನೋಡಿದಾಗ `Auto-dubbed` ಎಂಬ ಮಾತು ಸಿಕ್ಕಿತು. ಅದನ್ನು ‘ಸ್ವಯಂ ಡಬ್ಬಿಂಗ್’ ಎಂದು ಬರೆದೆ. ಸಹೋದ್ಯೋಗಿ ಓದಿ, “ಹಾಗಾದರೆ ಆ ವಿಜ್ಞಾನಿಯೇ ಹಿಂದಿಯಲ್ಲೂ ಮಾತನಾಡಿದ್ದಾರೆಯೇ?” ಎಂದು ಕೇಳಿದರು. ಇದಕ್ಕೆ ಸರಿಯಾದ ಮಾತು ಯಾವುದು? ‘ಅನುವಾದಕರು’ ಅಂಕಣದಲ್ಲಿ ಏನನ್ನು ಬರೆಯಬೇಕು? ಶೀರ್ಷಿಕೆಯನ್ನು ಹಿಂದಿಗೆ ತಿರುಗಿಸಿದವರು ಯಾರು?

ರಾಘವೇಂದ್ರ, ಮೈಸೂರು

ನಿಮ್ಮ ಸಹೋದ್ಯೋಗಿಯ ಅನುಮಾನ ನ್ಯಾಯವಾದದ್ದೇ. ಗಿರೀಶ ಕಾರ್ನಾಡರು ತಮ್ಮ ನಾಟಕಗಳನ್ನು ತಾವೇ ಇಂಗ್ಲಿಷಿಗೆ ತಂದರು. ಅಂಥದ್ದನ್ನು ನಾವು ‘ಸ್ವಾನುವಾದ’ ಅಥವಾ ‘ಸ್ವಯಂ ಅನುವಾದ’ ಎನ್ನುತ್ತೇವೆ. ‘ಸ್ವಯಂ’ ಬಂದ ಕೂಡಲೇ ಕರ್ತೃವಿನ ಕೈ ಕಣ್ಣಿಗೆ ಬೀಳುತ್ತದೆ. ಇಲ್ಲಿ ಆ ಕೈಯೇ ಇಲ್ಲ. ‘ಯಂತ್ರ ಡಬ್ಬಿಂಗ್’ ಎಂದು ಬರೆದರೆ ಗೊಂದಲವಿಲ್ಲ.

ಶೀರ್ಷಿಕೆಯ ವಿಷಯದಲ್ಲಿ ತಲೆ ಕೆಡಿಸಿಕೊಳ್ಳಬೇಡಿ. ಅದು ಬ್ರೌಸರ್ ಮಾಡುವ ಪುಟದ ಅನುವಾದ. ಆ ಸೌಲಭ್ಯವನ್ನು ನಿಲ್ಲಿಸಿದರೆ ಮೂಲ ಶೀರ್ಷಿಕೆ ಮರಳಿ ಬರುತ್ತದೆ.

ಜಯಲಕ್ಷ್ಮಿ, ಬೆಂಗಳೂರು

ಡಬ್ಬಿಂಗಿಗೆ ಕನ್ನಡದಲ್ಲಿ ಪದವಿಲ್ಲ ಎನ್ನುವಂತೆ ಏಕೆ ಹುಡುಕುತ್ತಿದ್ದೀರಿ? ನಾವು ‘ಕಂಠದಾನ’ ಎನ್ನುತ್ತೇವೆ. ನಾನು ಧಾರಾವಾಹಿಗಳಿಗೆ ಕಂಠದಾನ ಮಾಡುವ ಕಲಾವಿದೆ. ತುಟಿಯ ಚಲನೆಗೆ ಮಾತನ್ನು ಹೊಂದಿಸಲು ಸಂಭಾಷಣೆಯನ್ನು ಅಲ್ಲೇ ನಿಂತು ತಿದ್ದುತ್ತೇವೆ, ‘ಹೋಗುತ್ತೇನೆ’ ಎಂಬುದು ಉದ್ದವಾದರೆ ‘ಹೊರಟೆ’ ಎನ್ನುತ್ತೇವೆ. ಅಷ್ಟೆಲ್ಲ ಮಾಡಿದರೂ ಹೆಸರು ಬರುವುದು ಅಪರೂಪ. ನಿಮ್ಮ ಪಟ್ಟಿಯಲ್ಲಿ ಹೆಸರಿಗೊಂದು ಅಂಕಣವಿದೆ ಎಂದು ಓದಿಯೇ ಸಂತೋಷವಾಯಿತು. ಅಲ್ಲಿ ‘ಕಂಠದಾನ: ಇಂಥವರು’ ಎಂದು ದಯವಿಟ್ಟು ಬರೆಯಿರಿ.

ಮೆಹಬೂಬ್, ಹೊಸಪೇಟೆ

ಜಯಲಕ್ಷ್ಮಿಯವರೇ, ವಿಶಾಲಾಕ್ಷಿಯವರು ಕೇಳಿದ ಹಿಂದಿ ದನಿಯನ್ನು ಯಾರೂ ದಾನ ಮಾಡಿಲ್ಲ. ಮೂಲ ಮಾತನ್ನು ಅಕ್ಷರಕ್ಕಿಳಿಸಿ, ಅನುವಾದಿಸಿ, ಮತ್ತೆ ಮಾತಾಗಿಸುವ ಮೂರೂ ಕೆಲಸ ಅಲ್ಲಿ ತಂತ್ರಾಂಶದ್ದೇ. ಆದರೆ ನಿಮ್ಮ ಪದ ನಮಗೆ ಬೇಕು. ಏಕೆಂಬುದನ್ನು ಮುಂದೆ ಹೇಳುತ್ತೇನೆ.

ಮೊದಲು ರಾಘವೇಂದ್ರ ಅವರ ಮಾತು. ಬ್ರೌಸರ್ ಪುಟವನ್ನು ಅನುವಾದಿಸಿದರೆ ಗುಂಡಿಗಳ ಹೆಸರು, ಕೆಳಗಿನ ಪ್ರತಿಕ್ರಿಯೆಗಳು ಎಲ್ಲವೂ ಒಟ್ಟಿಗೆ ಬದಲಾಗುತ್ತವೆ. ಪ್ರತಿಕ್ರಿಯೆಗಳು ಇದ್ದ ಹಾಗೆಯೇ ಇದ್ದು ಶೀರ್ಷಿಕೆ, ವಿವರಣೆಗಳಷ್ಟೇ ಬದಲಾಗಿದ್ದರೆ ಅದು ಯೂಟ್ಯೂಬ್ ಕಳಿಸಿದ ಅನುವಾದ. ಇವರು ನೋಡಿದ್ದು ಮೊಬೈಲ್ ಆ್ಯಪಿನಲ್ಲಾದರೆ ಬ್ರೌಸರಿನ ಮಾತೇ ಬರುವುದಿಲ್ಲ. ಒಂದೇ ವಿಡಿಯೊಗೆ ಹಲವು ಭಾಷೆಯ ಶೀರ್ಷಿಕೆಗಳನ್ನು ಕೂಡಿಸಿಡಲು ಅವಕಾಶವಿದೆ. ನೋಡುಗರು ಆ್ಯಪಿಗೆ ಆರಿಸಿಕೊಂಡ ಭಾಷೆಗೆ ಹೊಂದುವುದು ತೆರೆಗೆ ಬರುತ್ತದೆ. ಸಹೋದ್ಯೋಗಿಯ ಮೊಬೈಲಿನ ಭಾಷೆ ಹಿಂದಿಯಾಗಿರಬೇಕು, ಕೇಳಿ ನೋಡಿ.

ಈಗ ದನಿ. ವಿಡಿಯೊ ಓಡುತ್ತಿರುವಾಗ ಹಲ್ಲುಚಕ್ರದ ಚಿಹ್ನೆಯನ್ನು ಒತ್ತಿದರೆ `Audio track` ಎಂಬ ಸಾಲು ಕಾಣುತ್ತದೆ. ಆ ಸಾಲೇ ಇಲ್ಲದಿದ್ದರೆ ಆ ವಿಡಿಯೊಗೆ ಒಂದೇ ದನಿ ಎಂದರ್ಥ. ಸಾಲನ್ನು ತೆರೆದರೆ ಭಾಷೆಗಳ ಪಟ್ಟಿ ಬರುತ್ತದೆ, ಮೂಲ ಭಾಷೆಯ ಪಕ್ಕದಲ್ಲಿ `original` ಎಂದಿರುತ್ತದೆ. ನಿಮ್ಮ ‘ಭಾಷೆ’ ಅಂಕಣಕ್ಕೆ ಬೇಕಾದದ್ದು ಈ ಗುರುತಿರುವ ಭಾಷೆ, ಕಿವಿಗೆ ಬಿದ್ದ ಭಾಷೆಯಲ್ಲ.

ಯಾರು ಮಾಡಿದರು ಎಂಬುದು ಇನ್ನೊಂದು ಕಡೆ ಇರುತ್ತದೆ. ವಿವರಣೆಯ ಕೊನೆಯಲ್ಲಿ `How this was made` ಎಂಬ ಭಾಗವಿದ್ದು, ಅಲ್ಲಿ `Auto-dubbed` ಎಂದಿದ್ದರೆ ಕೆಲವು ಭಾಷೆಗಳ ದನಿ ಯಂತ್ರದ್ದು. ‘ಕೆಲವು’ ಎಂಬುದನ್ನು ಗಮನಿಸಿ, ತೊಡಕು ಇರುವುದೇ ಅಲ್ಲಿ. ಹಲವು ಭಾಷೆಯ ದನಿಗಳನ್ನು ಒಂದೇ ವಿಡಿಯೊಗೆ ಸೇರಿಸುವ ಸೌಲಭ್ಯ 2023ರಲ್ಲೇ ಕೆಲವು ಚಾನೆಲ್‌ಗಳಿಗೆ ಸಿಕ್ಕಿತ್ತು. ಅಲ್ಲಿ ದನಿಯ ಕಡತವನ್ನು ಚಾನೆಲಿನವರೇ ಕಲಾವಿದರಿಂದ ಮಾಡಿಸಿ ಸೇರಿಸುತ್ತಿದ್ದರು. ಯಂತ್ರದ ಡಬ್ಬಿಂಗ್ ಮಾಹಿತಿ ನೀಡುವ ಚಾನೆಲ್‌ಗಳಿಗೆ ವ್ಯಾಪಕವಾಗಿ ಬಂದದ್ದು 2024ರ ಡಿಸೆಂಬರಿನಲ್ಲಿ. ಆಗ ಇಂಗ್ಲಿಷಿನಿಂದ ಹಿಂದಿ, ಸ್ಪ್ಯಾನಿಷ್, ಜಪಾನಿ ಮುಂತಾದ ಎಂಟು ಭಾಷೆಗಳಿಗೆ, ಆ ಎಂಟರಿಂದ ಇಂಗ್ಲಿಷಿಗೆ ಮಾತ್ರ. ಪಟ್ಟಿ ಆಮೇಲೆ ಬೆಳೆದಿದೆ. ಹೀಗಾಗಿ ಒಂದೇ ವಿಡಿಯೊದಲ್ಲಿ ಸ್ಪ್ಯಾನಿಷ್ ದನಿ ಕಲಾವಿದರದ್ದೂ ಹಿಂದಿ ದನಿ ಯಂತ್ರದ್ದೂ ಆಗಿರಬಹುದು. ವಿವರಣೆಯ ಸೂಚನೆ ಇವೆರಡನ್ನು ಬೇರ್ಪಡಿಸಿ ಹೇಳುವುದಿಲ್ಲ.

ಬೇರ್ಪಡಿಸಲೇಬೇಕು ಎನ್ನುವವರಿಗೆ ಒಂದು ಹಿಂಬಾಗಿಲಿದೆ. ಕಂಪ್ಯೂಟರಿನಲ್ಲಿ yt-dlp ಎಂಬ ತಂತ್ರಾಂಶವಿದ್ದರೆ ಮೊದಲ ಆಜ್ಞೆ ದನಿಗಳ ಪಟ್ಟಿಯನ್ನು ತೋರಿಸುತ್ತದೆ, ಎರಡನೆಯದು ಹಿಂದಿ ದನಿಯ ಕಡತ ಎಲ್ಲಿಂದ ಬರುತ್ತದೆಯೋ ಆ ವಿಳಾಸವನ್ನು ತೋರಿಸುತ್ತದೆ. ಎರಡೂ ಏನನ್ನೂ ಇಳಿಸಿಕೊಳ್ಳುವುದಿಲ್ಲ. `URL` ಇರುವಲ್ಲಿ ವಿಡಿಯೊದ ಕೊಂಡಿಯನ್ನು ಹಾಕಿ.

```
yt-dlp -F "URL"
yt-dlp -f "ba[language^=hi]" -g "URL"
```

ಬರುವ ಉದ್ದನೆಯ ವಿಳಾಸದಲ್ಲಿ `xtags` ಎಂಬುದನ್ನು ಹುಡುಕಿ. ಅದರೊಳಗೆ `dubbed-auto` ಎಂದಿದ್ದರೆ ಯಂತ್ರದ ದನಿ. ಬರಿಯ `dubbed` ಎಂದಿದ್ದರೆ ಚಾನೆಲಿನವರು ಸೇರಿಸಿದ ದನಿ. `original` ಎಂದರೆ ಮೂಲ. ಇದು ಕಂಪನಿ ನೋಡುಗರಿಗಾಗಿ ಕೊಟ್ಟ ಗುರುತಲ್ಲ, ನಾಳೆ ಬದಲಾಗಬಹುದು. ಕೆಲವೊಮ್ಮೆ ವಿಳಾಸ ಬೇರೆ ಬಗೆಯದಾಗಿದ್ದು ಈ ಭಾಗವೇ ಸಿಗುವುದಿಲ್ಲ. ಸಿಗದಿದ್ದರೆ ‘ತಿಳಿಯದು’ ಎಂದು ಬರೆಯಿರಿ, ಊಹಿಸಬೇಡಿ.

ಇನ್ನು ಜಯಲಕ್ಷ್ಮಿಯವರ ಪದ. ಎರಡನೆಯ ಬಗೆಯ ದನಿಗೆ, ಅಂದರೆ ಮನುಷ್ಯರು ಮಾಡಿ ಸೇರಿಸಿದ್ದಕ್ಕೆ, ‘ಕಂಠದಾನ’ ಎಂಬುದನ್ನು ಮೀಸಲಿಡೋಣ. ಆಗ ‘ಯಂತ್ರ ಡಬ್ಬಿಂಗ್’ ತಾನೇ ಬೇರೆಯಾಗಿ ನಿಲ್ಲುತ್ತದೆ.

ರಾಘವೇಂದ್ರ, ಮೈಸೂರು

ಬ್ರೌಸರಿನ ಮಾತನ್ನು ಬಿಟ್ಟೆ. ಆದರೂ ಒಂದು ಆಕ್ಷೇಪ. ಬರಿಯ `dubbed` ಎಂದರೆ ಚಾನೆಲಿನವರು ಸೇರಿಸಿದ್ದು ಎಂದಷ್ಟೇ ಗೊತ್ತಾಯಿತು. ಅವರು ಬೇರೊಂದು ತಂತ್ರಾಂಶದಲ್ಲಿ ದನಿ ಮಾಡಿಸಿ ಸೇರಿಸಿದ್ದರೆ? ಅದನ್ನೂ ಕಂಠದಾನ ಎನ್ನುತ್ತೀರಾ? ಇನ್ನೊಂದು: ಯಂತ್ರದ ದನಿಯಾದರೂ ಚಾನೆಲಿನವರು ಒಪ್ಪಿ ಹಾಕಿಸಿದ್ದಲ್ಲವೇ? ಹೊಣೆ ಅವರದ್ದೇ ಆದ ಮೇಲೆ ಅನುವಾದಕರ ಅಂಕಣದಲ್ಲಿ ಅವರ ಹೆಸರನ್ನೇ ಬರೆಯಬಹುದು.

ಶಿವಪ್ರಸಾದ್, ಪುತ್ತೂರು

ಎರಡನೆಯದಕ್ಕೆ ನಾನು ಉತ್ತರಿಸಬಲ್ಲೆ. ಅಡಿಕೆ ಕೃಷಿಯ ಬಗ್ಗೆ ನನ್ನದೊಂದು ಚಿಕ್ಕ ಚಾನೆಲ್ ಇದೆ, ಇಂಗ್ಲಿಷಿನಲ್ಲೂ ಕೆಲವು ವಿಡಿಯೊ ಹಾಕಿದ್ದೇನೆ. ಡಬ್ಬಿಂಗ್ ಬೇಕೆಂದು ನಾನು ಕೇಳಿಯೇ ಇರಲಿಲ್ಲ. ಅರ್ಹ ಚಾನೆಲ್‌ಗಳಿಗೆ ಅದು ಮೊದಲೇ ಚಾಲೂ ಆಗಿರುತ್ತದೆ, ಬೇಡದವರು ಯೂಟ್ಯೂಬ್ ಸ್ಟುಡಿಯೊದ ಸೆಟ್ಟಿಂಗ್‌ಗಳಲ್ಲಿ ಹೋಗಿ ನಿಲ್ಲಿಸಬೇಕು. ಪ್ರಕಟವಾಗುವ ಮೊದಲು ಪರಿಶೀಲಿಸುತ್ತೇನೆ ಎಂದು ಆರಿಸಿಕೊಳ್ಳಲು, ಬಂದ ದನಿಯನ್ನು ಕೇಳಿ ಅಳಿಸಲು ಅವಕಾಶವಿದೆ. ಆದರೆ ಜಪಾನಿ ಭಾಷೆ ಬಾರದ ನಾನು ಜಪಾನಿ ದನಿಯಲ್ಲಿ ಏನನ್ನು ಪರಿಶೀಲಿಸಲಿ? ಹೊಣೆ ನನ್ನದೇ ಇರಬಹುದು, ಅನುವಾದಕ ಎಂದು ಮಾತ್ರ ನನ್ನ ಹೆಸರನ್ನು ಹಾಕಬೇಡಿ.

ಅಂದ ಹಾಗೆ, ನನ್ನ ಕನ್ನಡ ವಿಡಿಯೊಗಳಿಗೆ ತುಳು ದನಿಯನ್ನು ನಾನೇ ಓದಿ ಸೇರಿಸಿದರೆ ಅದು ರಾಘವೇಂದ್ರ ಅವರು ಹೇಳಿದ ನಿಜವಾದ ‘ಸ್ವಯಂ ಡಬ್ಬಿಂಗ್’ ಆಗುತ್ತದೆಯಲ್ಲವೇ?

ಮೆಹಬೂಬ್, ಹೊಸಪೇಟೆ

ಆಗುತ್ತದೆ. ಅದಕ್ಕೇ ಆ ಮಾತನ್ನು ಯಂತ್ರಕ್ಕೆ ಕೊಡಬಾರದು.

ರಾಘವೇಂದ್ರ ಅವರ ಮೊದಲ ಆಕ್ಷೇಪ ಸರಿ. ಸೇರಿಸಿದ ಕಡತ ಹೇಗೆ ಹುಟ್ಟಿತು ಎಂಬುದನ್ನು `dubbed` ಹೇಳುವುದಿಲ್ಲ. ವಿವರಣೆಯಲ್ಲಿ ಕಲಾವಿದರ ಹೆಸರಿದ್ದರೆ ಮಾತ್ರ ‘ಕಂಠದಾನ: ಇಂಥವರು’ ಎಂದು ಬರೆಯಬೇಕು. ಇಲ್ಲದಿದ್ದರೆ ‘ಡಬ್ಬಿಂಗ್, ಚಾನೆಲಿನವರು ಸೇರಿಸಿದ್ದು’ ಎಂಬಲ್ಲಿಗೆ ನಿಲ್ಲಿಸಬೇಕು. ಕಿವಿಯ ಸಾಕ್ಷ್ಯವನ್ನು ಪೂರ್ತಿ ನಂಬಲಾಗದು. ಆದರೂ ಹೆಸರುಗಳು, ಅಳತೆಗಳು, ನುಡಿಗಟ್ಟುಗಳು ಬಂದ ಕಡೆ ಕಿವಿಗೊಡಿ. ನಿಮ್ಮದು ಗ್ರಹಗಳ ವಿಡಿಯೊ ಅಲ್ಲವೇ? ಇಂಗ್ಲಿಷಿನಲ್ಲಿ ಬುಧ ಗ್ರಹಕ್ಕೂ ಪಾದರಸಕ್ಕೂ ಒಂದೇ ಪದ. ಹಿಂದಿಯಲ್ಲಿ ಬುಧ ಇರಬೇಕಾದ ಕಡೆ ‘ಪಾರಾ’ ಎಂದು ಕೇಳಿಸಿದರೆ ವಿಷಯ ತಿಳಿದವರು ಅದನ್ನು ನೋಡಿಲ್ಲ ಎಂದಾದರೂ ಗೊತ್ತಾಗುತ್ತದೆ.

ಶೀರ್ಷಿಕೆಯ ಕರ್ತೃವನ್ನು ಹುಡುಕುವುದು ಇದಕ್ಕಿಂತ ಕಷ್ಟ. ಹಿಂದೆ ನೋಡುಗರೇ ಶೀರ್ಷಿಕೆ, ಉಪಶೀರ್ಷಿಕೆಗಳನ್ನು ಅನುವಾದಿಸಿ ಕಳಿಸಬಹುದಿತ್ತು. ಉಪಶೀರ್ಷಿಕೆ ಬರೆದವರು ಬಯಸಿದರೆ ವಿವರಣೆಯಲ್ಲಿ ಅವರ ಹೆಸರೂ ಬರುತ್ತಿತ್ತು. 2020ರ ಸೆಪ್ಟೆಂಬರ್ 28ಕ್ಕೆ ಆ ವ್ಯವಸ್ಥೆಯನ್ನು ನಿಲ್ಲಿಸಿದರು, ಆಗಲೇ ಪ್ರಕಟವಾಗಿದ್ದವು ಉಳಿದವು. ಹಾಗಾಗಿ ಹಳೆಯ ವಿಡಿಯೊದ ಅನುವಾದಿತ ಶೀರ್ಷಿಕೆ ಯಾರೋ ಸ್ವಯಂಸೇವಕರದ್ದೂ ಇರಬಹುದು. ಈಚಿನದ್ದಾದರೆ ಚಾನೆಲಿನವರದ್ದು ಅಥವಾ ಯಂತ್ರದ್ದು. ಹೊರಗಿನಿಂದ ನೋಡುವ ನಮಗೆ ಬೇರ್ಪಡಿಸುವ ದಾರಿ ಇಲ್ಲ. ನಿಮ್ಮ ಪಟ್ಟಿಗೆ ಮೂಲ ಶೀರ್ಷಿಕೆ ಸಾಕು ಎಂದಾದರೆ ಈ ವಿಳಾಸವನ್ನು ಬ್ರೌಸರಿನಲ್ಲಿ ತೆರೆಯಿರಿ. ಕೊನೆಯಲ್ಲಿ ವಿಡಿಯೊದ ಗುರುತಿನ ಅಕ್ಷರಗಳನ್ನು ಹಾಕಬೇಕು.

```
https://www.youtube.com/oembed?format=json&url=https://www.youtube.com/watch?v=VIDEO_ID
```

ಬರುವ ಪಠ್ಯದಲ್ಲಿ `title` ಎಂಬುದರ ಮುಂದೆ ಮೂಲ ಶೀರ್ಷಿಕೆ, `author_name` ಎಂಬುದರ ಮುಂದೆ ಚಾನೆಲಿನ ಹೆಸರು ಇರುತ್ತದೆ. ನಿಮ್ಮ ಮೊಬೈಲಿನ ಭಾಷೆ ಯಾವುದಿದ್ದರೂ ಇದು ಬದಲಾಗುವುದಿಲ್ಲ.

ಜಯಲಕ್ಷ್ಮಿ, ಬೆಂಗಳೂರು

ಪ್ರಶ್ನೆ ಈಗ ಅರ್ಥವಾಯಿತು. ಆದರೆ ‘ಯಂತ್ರ ಡಬ್ಬಿಂಗ್’ ನನಗೆ ಒಗ್ಗುತ್ತಿಲ್ಲ. ನಾವು ಕೆಲಸ ಮಾಡುವ ಕೋಣೆಯಲ್ಲೂ ಯಂತ್ರಗಳೇ ತುಂಬಿವೆ. ‘ಯಂತ್ರದನಿ’ ಎಂದರೆ ದನಿಯೇ ಯಂತ್ರದ್ದು ಎಂದು ಒಂದೇ ಪದದಲ್ಲಿ ತಿಳಿಯುತ್ತದೆ.

ವಿಶಾಲಾಕ್ಷಿ, ಸಾಗರ

ಸಹೋದ್ಯೋಗಿಯ ಮೊಬೈಲ್ ಹಿಂದಿಯಲ್ಲೇ ಇತ್ತು. ‘ಅನುವಾದಕರು’ ಅಂಕಣವನ್ನು ‘ಇತರ ದನಿಗಳು’ ಎಂದು ಬದಲಿಸಿದ್ದೇವೆ. ಆ ವಿಡಿಯೊದ ಸಾಲು ಈಗ ಹೀಗಿದೆ: ಮೂಲ ದನಿ: ಇಂಗ್ಲಿಷ್; ಹಿಂದಿ: ಯಂತ್ರದನಿ; ಸ್ಪ್ಯಾನಿಷ್: ತಿಳಿಯದು. ಪಕ್ಕದಲ್ಲಿ ನೋಡಿದ ದಿನಾಂಕವನ್ನೂ ಹಾಕಿದ್ದೇವೆ, ಏಕೆಂದರೆ ಚಾನೆಲಿನವರು ಯಾವಾಗ ಬೇಕಾದರೂ ಒಂದು ದನಿಯನ್ನು ತೆಗೆಯಬಹುದು. ರಾಘವೇಂದ್ರ ಅವರು ‘ಯಂತ್ರ ಡಬ್ಬಿಂಗ್’ ಎಂಬುದನ್ನೇ ಹಿಡಿದಿದ್ದರೆ ಅವರ ವಾದವನ್ನೂ ಕೇಳಲು ಸಿದ್ಧ. ಪಟ್ಟಿ ಇನ್ನೂ ಅಚ್ಚಿಗೆ ಹೋಗಿಲ್ಲ.