ಅತ್ತಿಗೆಗೆ ಕನ್ನಡ ಕಲಿಸುತ್ತಿದ್ದೇನೆ: ಮೊದಲು ತಿದ್ದಬೇಕಾದ್ದು ಡ, ಳ ಉಚ್ಚಾರವಾ, ಮಹಾಪ್ರಾಣವಾ?

ನೀಲಿಶಾಯಿ:
ನಮ್ಮ ಅತ್ತಿಗೆ ಹುಟ್ಟಿ ಬೆಳೆದದ್ದು ಅಮೆರಿಕದಲ್ಲಿ. ಇಂಗ್ಲಿಷ್ ಬಿಟ್ಟರೆ ಬೇರೆ ಭಾಷೆ ಗೊತ್ತಿಲ್ಲ. ಕನ್ನಡ ಕಲಿಯಬೇಕು ಅಂತ ಅವರೇ ಕೇಳಿದರು. ನಾನು ಇಂಗ್ಲಿಷಿನ 40 ವಾಕ್ಯಗಳನ್ನು ಅನುವಾದ ಮಾಡಿ, ಇಂಗ್ಲಿಷ್ ಅಕ್ಷರದಲ್ಲೇ ಬರೆದುಕೊಟ್ಟೆ. ಅವರು `dayavittu nidhanavagi matadi` ಓದಿದರೆ "ಡಯವಿಟ್ಟು ನಿಡಾನವಾಗಿ ಮಾಟಾಡಿ" ಅಂತ ಕೇಳಿಸುತ್ತದೆ. `heli` ಓದಿದರೆ "ಹೇಲಿ" ಆಗುತ್ತದೆ. ಅದನ್ನು ಹಿರಿಯರ ಮುಂದೆ ಹೇಳಿಸಲು ನನಗೇ ಭಯ. ಮೊದಲು ಯಾವುದನ್ನು ತಿದ್ದಲಿ? ನಾಲಗೆ ಮಡಚುವ ಅಕ್ಷರಗಳನ್ನೋ, ಮಹಾಪ್ರಾಣವನ್ನೋ?

ಪಡಸಾಲೆ:
ಮಹಾಪ್ರಾಣದಿಂದ ಶುರು ಮಾಡಿ. ದನ ಅಂದರೆ ಹಸು, ಧನ ಅಂದರೆ ದುಡ್ಡು. ಅರ್ಥವೇ ಬದಲಾಗುತ್ತದೆ. ಬಾಯಿ ಮುಂದೆ ಅಂಗೈ ಹಿಡಿದು ಹೇಳಿಸಿ, ಗಾಳಿ ತಾಗಿದರೆ ಮಹಾಪ್ರಾಣ ಬಂತು ಅಂತ ಲೆಕ್ಕ. ನಾಲಗೆ ಮಡಚುವುದು ಅಂಥ ದೊಡ್ಡ ಕೆಲಸ ಅಲ್ಲ. ಟ, ಡ, ಣ, ಳ ನಾಲ್ಕಕ್ಕೂ ಒಂದೇ ಪಾಠ: ತುದಿಯನ್ನು ಹಿಂದಕ್ಕೆ ಮಡಚಿ ಅಂಗುಳಕ್ಕೆ ತಾಗಿಸಿ ಅಂದರೆ ಸಾಕು.

ನಾಲಗೆತುದಿ:
ಅಂಗುಳಕ್ಕೆ ತಾಗಿಸಿ ಅನ್ನುವುದು ಸರಿ. ಆದರೆ ನಾಲ್ಕಕ್ಕೂ ಒಂದೇ ಪಾಠ ಅಂದರೆ ಒಪ್ಪಲಾರೆ. ದೊಡ್ಡವರಿಗೆ ಕನ್ನಡ ಹೇಳಿಕೊಡುತ್ತಾ ಬಂದವನು ನಾನು, ಇಂಗ್ಲಿಷ್ ಮನೆಮಾತಿನವರಲ್ಲಿ ಈ ತಪ್ಪು ಒಂದೇ ತರ ಮರುಕಳಿಸುವುದನ್ನು ನೋಡಿದ್ದೇನೆ.

ನೀಲಿಶಾಯಿಯವರೇ, ನೀವು ಬರೆದದ್ದನ್ನೇ ಇನ್ನೊಮ್ಮೆ ನೋಡಿ. "ಡಯವಿಟ್ಟು", "ಮಾಟಾಡಿ". ಇಲ್ಲಿ ಟ, ಡ ಬಂದೇ ಬಿಟ್ಟಿವೆ. ಬರದೆ ಇರುವುದು ತ ಮತ್ತು ದ. ಇಂಗ್ಲಿಷಿನವರ ನಾಲಗೆ ಹಲ್ಲಿಗೂ ತಾಗುವುದಿಲ್ಲ, ಅಂಗುಳಕ್ಕೂ ಹೋಗುವುದಿಲ್ಲ. ಮೇಲಿನ ಹಲ್ಲಿನ ಹಿಂದಿರುವ ವಸಡಿನ ಉಬ್ಬಿಗೆ ತಾಗಿ ನಿಲ್ಲುತ್ತದೆ. ನಮ್ಮ ಕಿವಿಗೆ ಅದು ಟ, ಡ ಅಂತಲೇ ಕೇಳಿಸುತ್ತದೆ. ನಾವು ಟೇಬಲ್, ಡಾಕ್ಟರ್ ಅಂತ ಬರೆಯುವುದು ಅದಕ್ಕೇ ಅಲ್ವಾ?

ಲ ಮತ್ತು ನ ವಿಷಯ ತಿರುಗಾಮುರುಗಾ. ಅದೇ ಉಬ್ಬಿನ ಮೇಲೆ ಹೇಳಿದ ಇಂಗ್ಲಿಷಿನ ಲ ನಮಗೆ ಲ ಅಂತಲೇ ಕೇಳಿಸುತ್ತದೆ, ನ ಕೂಡ ನ ಅಂತಲೇ. ಹಾಗಾಗಿ ಅಲ್ಲಿ ಬರದೆ ಇರುವುದು ಳ ಮತ್ತು ಣ. ಹೇಳಿ ಹೋಗಿ ಹೇಲಿ ಆಗುತ್ತದೆ, ಹಳ್ಳಿ ಹೋಗಿ ಹಲ್ಲಿ ಆಗುತ್ತದೆ, ಮಣೆ ಹೋಗಿ ಮನೆ ಆಗುತ್ತದೆ.

ಅಂದರೆ ತ, ದ ಹೇಳುವಾಗ ನಾಲಗೆ ಮುಂದಕ್ಕೆ ಬರಬೇಕು, ಳ, ಣ ಹೇಳುವಾಗ ಹಿಂದಕ್ಕೆ ಹೋಗಬೇಕು. ಎಲ್ಲದಕ್ಕೂ "ಮಡಚಿ" ಅಂದರೆ ತ, ದ ಇನ್ನೂ ಹಾಳಾಗುತ್ತವೆ.

ಶಿಫ್ಟ್‌ಕೀಲಿ:
ಳ ಬರೆಯುವುದು ಸುಲಭ. ಶಿಫ್ಟ್ ಒತ್ತಿ `L` ಹೊಡೆಯಿರಿ, ಳ ಬರುತ್ತದೆ. ಣಕ್ಕೆ ಶಿಫ್ಟ್ ಜೊತೆ `N`. ನಿಮ್ಮ ಅತ್ತಿಗೆ ಕೀಬೋರ್ಡ್‌ನಲ್ಲಿ ಸಣ್ಣ `l` ಒತ್ತುತ್ತಿರಬೇಕು, ಅದಕ್ಕೆ ಹೇಲಿ ಆಗುತ್ತಿದೆ.

ನೀಲಿಶಾಯಿ:
ಅಯ್ಯೋ, ನಾನು ಕೇಳಿದ್ದು ಟೈಪ್ ಮಾಡುವ ವಿಷಯ ಅಲ್ಲ, ಬಾಯಲ್ಲಿ ಹೇಳುವ ವಿಷಯ.

ನಾಲಗೆತುದಿ:
ಆದರೂ ಅವರು ಹೇಳಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ನಿಮ್ಮ ಹಾಳೆಯಲ್ಲೇ ಅರ್ಧ ತೊಂದರೆ ಇದೆ. `kudiyuva neeru` ಅಂತ ಬರೆದರೆ ಅದು ಕುಡಿಯುವ ನೀರೋ ಕುದಿಯುವ ನೀರೋ ಅಂತ ಓದುವವರಿಗೆ ಹೇಗೆ ಗೊತ್ತಾಗಬೇಕು? ನಮಗೆ ಕನ್ನಡ ಗೊತ್ತಿರುವುದರಿಂದ ತಾನಾಗಿ ತಿದ್ದಿಕೊಂಡು ಓದುತ್ತೇವೆ. ಅವರಿಗೆ ಆ ದಾರಿ ಇಲ್ಲ. ನಾಲಗೆ ಹಿಂದಕ್ಕೆ ಹೋಗಬೇಕಾದ ಕಡೆಯೆಲ್ಲ ದೊಡ್ಡ ಅಕ್ಷರ ಹಾಕಿ ಬರೆದುಕೊಡಿ: `kuDiyuva nIru`, `hELi`, `mAtADi`. ದೊಡ್ಡ `A`, `I`, `E` ಕಂಡರೆ ಸ್ವರ ಎಳೆಯಬೇಕು ಅಂತಲೂ ಹೇಳಿ.

ಇನ್ನೊಂದು ಮಾತು. `th` ಅಂತ ಬರೆಯುವಾಗ ಹುಷಾರು. ನಾವು ಲತಾ, ಗೀತಾ ಅನ್ನುವ ಹೆಸರಿನ ತ ಅಕ್ಷರಕ್ಕೆ `th` ಹಾಕುತ್ತೇವೆ. ಬೇರೆ ಕೆಲವರು ಅದನ್ನೇ ಥ ಅಕ್ಷರಕ್ಕೆ ಇಟ್ಟುಕೊಳ್ಳುತ್ತಾರೆ. ಹಾಳೆಯಲ್ಲಿ ಎರಡರಲ್ಲಿ ಒಂದೇ ಇರಲಿ.

ತ, ದ ಹೇಳಿಸುವ ದಾರಿ ಅವರ ಬಾಯಲ್ಲೇ ಇದೆ. ಇಂಗ್ಲಿಷಿನ `think` ಹೇಳುವಾಗ ನಾಲಗೆ ತುದಿ ಹಲ್ಲಿನ ಹತ್ತಿರ ಬರುತ್ತದೆ. `this` ಹೇಳುವಾಗಲೂ ಅಷ್ಟೇ. ನಾಲಗೆಯನ್ನು ಅದೇ ಜಾಗದಲ್ಲಿ ಇಡಿಸಿ. ಆದರೆ ಹಲ್ಲಿನಿಂದ ಹೊರಗೆ ಬರಬಾರದು, ಹಲ್ಲಿನ ಹಿಂಬದಿಗೆ ಒತ್ತಿ ಗಾಳಿಯನ್ನು ಪೂರ್ತಿ ತಡೆಯಬೇಕು. ಮೊದಲನೆಯದರಿಂದ ತ ಬರುತ್ತದೆ, ಎರಡನೆಯದರಿಂದ ದ. "ಸ್" ಅಂತ ಗಾಳಿ ಸೋರುತ್ತಿದ್ದರೆ ಇನ್ನೂ ಗಟ್ಟಿಯಾಗಿ ಒತ್ತಬೇಕು ಅಂತ ತಿಳಿಯಿರಿ.

ನೀಲಿಶಾಯಿ:
ಮೂರು ದಿನ ಹೀಗೇ ಮಾಡಿಸಿದೆ. "ದಯವಿಟ್ಟು" ಈಗ ಚೆನ್ನಾಗಿ ಬರುತ್ತಿದೆ, ತುಂಬಾ ಖುಷಿ ಆಯಿತು. ಆದರೆ ಟ, ಡ ತಾನಾಗಿ ಬರುತ್ತವೆ ಅಂದಿರಲ್ಲ, "ಕುಡಿಯುವ ನೀರು" ಹೇಳಿಸಿದರೆ ನನಗೆ "ಕುರಿಯುವ ನೀರು" ಅಂತ ಕೇಳಿಸುತ್ತಿದೆ. ನನ್ನ ಕಿವಿಯ ತಪ್ಪಾ?

ನಾಲಗೆತುದಿ:
ನಿಮ್ಮ ಕಿವಿ ಸರಿ ಇದೆ, ನಾನು ಹೇಳಿದ್ದು ಪೂರ್ತಿ ಆಗಿರಲಿಲ್ಲ. ಅವರು ಅಮೆರಿಕದವರು ಅನ್ನುವುದನ್ನು ಗಮನಕ್ಕೆ ತೆಗೆದುಕೊಳ್ಳಬೇಕಿತ್ತು. ಅಮೆರಿಕದವರು `ladder`, `water` ಅನ್ನುವಾಗ ನಡುವಿನ ಅಕ್ಷರದಲ್ಲಿ ನಾಲಗೆ ನಿಲ್ಲುವುದೇ ಇಲ್ಲ, ಉಬ್ಬಿಗೆ ಒಮ್ಮೆ ತಟ್ಟಿ ವಾಪಸ್ ಬರುತ್ತದೆ. ನಮ್ಮ ರ ಹುಟ್ಟುವುದೂ ಹೆಚ್ಚು ಕಡಿಮೆ ಹಾಗೇ. ಪದದ ಮೊದಲಲ್ಲಿ ಇದ್ದಾಗ ಡ ಅಂತ ಕೇಳಿಸಿದ್ದು, ಎರಡು ಸ್ವರದ ನಡುವೆ ಬಂದಾಗ ರ ಆಗಿಬಿಡುತ್ತದೆ.

ಒತ್ತಕ್ಷರದಿಂದ ಶುರು ಮಾಡಿಸಿ. ಗುಡ್ಡ, ದಡ್ಡ, ಅಡ್ಡ. ಒತ್ತು ಇದ್ದಾಗ ನಾಲಗೆ ನಿಲ್ಲಲೇಬೇಕು, ತಟ್ಟಿ ಓಡಿಹೋಗಲು ಆಗುವುದಿಲ್ಲ. ನಿಂತಿರುವ ಆ ಹೊತ್ತಿನಲ್ಲಿ ತುದಿ ಎಲ್ಲಿದೆ ಅಂತ ಅವರೇ ಗಮನಿಸಲಿ. ಉಬ್ಬನ್ನು ದಾಟಿ ಹಿಂದೆ, ಅಂಗುಳ ಮೇಲಕ್ಕೆ ಬಾಗುವ ಕಡೆ ಇರಬೇಕು. ಅದು ಕೂತ ಮೇಲೆ "ಕುಡ್ಡಿ" ಅಂತ ಹೇಳಿಸಿ. ಅರ್ಥ ನೋಡಬೇಡಿ, ಅಭ್ಯಾಸಕ್ಕೆ ಅಷ್ಟೇ. ಆಮೇಲೆ ಜಾಗ ಬದಲಿಸದೆ, ನಿಲ್ಲುವ ಹೊತ್ತನ್ನು ಮಾತ್ರ ಕಡಿಮೆ ಮಾಡಿ "ಕುಡಿ". ಳ, ಣಕ್ಕೂ ಇದೇ ದಾರಿ. ಹಳ್ಳಿ, ಬಳ್ಳಿ, ಕಳ್ಳ ಆದ ಮೇಲೆ ಹೇಳಿ, ಕೇಳಿ. ಹಣ್ಣು, ಕಣ್ಣು ಆದ ಮೇಲೆ ಹಣ. ಬರೀ "ಳ, ಳ, ಳ" ಅಂತ ಹೇಳಿಸಬೇಡಿ. ಕನ್ನಡದಲ್ಲಿ ಯಾವ ಪದವೂ ಳ, ಣದಿಂದ ಶುರುವಾಗುವುದಿಲ್ಲ.

ದೂರದೂರು:
ನನ್ನ ಮಗನದೂ ಇದೇ ಕಥೆ. ಹೊರದೇಶದಲ್ಲೇ ಓದಿದವನು, ಈಗ 14 ವರ್ಷ. ಅವನಿಗೆ ಳ ಬಂದದ್ದು `girl` ಅನ್ನುವ ಪದದಿಂದ. ಅದರ ಕೊನೆಯಲ್ಲಿ ನಾಲಗೆ ಹಿಂದಕ್ಕೆ ಎಳೆದುಕೊಂಡಿರುತ್ತದೆ. ಅಲ್ಲಿಂದ ಹಿಡಿದು "ಬಳೆ" ಹೇಳಿಸಿದೆ. ಒಂದೇ ಸಂಜೆಯಲ್ಲಿ ಬಂತು.

ನಾಲಗೆತುದಿ:
ಕೆಲವರಿಗೆ ಅದು ಕೈಹಿಡಿಯುತ್ತದೆ. ಆದರೆ ಎಷ್ಟೋ ಜನರಿಗೆ ಮುಂದಿರುವ ರ ಅಂಟಿಕೊಂಡೇ ಬರುತ್ತದೆ, "ಬರ್ಳೆ" ಅಂತ. ಮಗ "ಹೇಳಿ" ಅಂದಾಗ ಏ ಸ್ವರ ತಿಳಿಯಾಗಿ ಇದೆಯಾ ನೋಡಿ.

ದೂರದೂರು:
ಈಗ ಕೇಳಿಸಿಕೊಂಡೆ. ಬಳೆ ಸರಿ ಇದೆ. "ಹೇಳಿ" ಅಂದಾಗ ನಡುವೆ ರ ಎಳೆದ ಹಾಗಿದೆ. ಇಷ್ಟು ದಿನ ನನಗೆ ಗೊತ್ತೇ ಆಗಿರಲಿಲ್ಲ.

ಪಡಸಾಲೆ:
ತ, ದ ವಿಷಯದಲ್ಲಿ ನಾನು ಯೋಚಿಸಿರಲಿಲ್ಲ, ಒಪ್ಪುತ್ತೇನೆ. ಆದರೆ ಮಹಾಪ್ರಾಣವನ್ನು ಯಾರೂ ಮಾತಾಡುತ್ತಲೇ ಇಲ್ಲ. ಧನ್ಯವಾದಗಳು ಅನ್ನುವುದನ್ನು ದನ್ಯವಾದಗಳು ಅಂತ ಕಲಿಸುವುದಾ?

ನಾಲಗೆತುದಿ:
ನಿಮ್ಮ ಅಂಗೈ ಪರೀಕ್ಷೆ ಬೇಕೇ ಬೇಕು. ಆದರೆ ಅದನ್ನು ಇನ್ನೊಂದು ತಪ್ಪು ಹಿಡಿಯಲು ಬಳಸಿ. ಇಂಗ್ಲಿಷಿನವರು ಪದದ ಮೊದಲ ಕ, ಟ, ಪ ಹೇಳುವಾಗ ಗಾಳಿ ತಾನಾಗಿ ನುಗ್ಗುತ್ತದೆ. ಕನ್ನಡ "ಖನ್ನಡ" ಆಗುತ್ತದೆ, ಪಾಲು "ಫಾಲು" ಆಗುತ್ತದೆ. ಅವರಿಗೆ ಮಹಾಪ್ರಾಣ ಕಲಿಸುವುದಕ್ಕಿಂತ ಮೊದಲು, ಬೇಡದ ಕಡೆ ಬರುವುದನ್ನು ಬಿಡಿಸಬೇಕು. `skin`, `spin` ಹೇಳಿಸಿ, ಅಲ್ಲಿ ಅಂಗೈಗೆ ಗಾಳಿ ತಾಗುವುದು ತೀರಾ ಕಡಿಮೆ. ಮುಂದಿನ ಸ ಶಬ್ದವನ್ನು ಮನಸ್ಸಿನಲ್ಲೇ ಹೇಳಿಕೊಂಡು, ಬಾಯಲ್ಲಿ "ಕನ್ನಡ" ಅನ್ನಲಿ.

ಧ, ಭ, ಘ ಅಕ್ಷರಗಳಿಗೆ ಅಂಗೈಯನ್ನು ನಂಬಬೇಡಿ. ಅಲ್ಲಿ ಗಾಳಿ ಫಟ್ ಅಂತ ಹೊಡೆಯುವುದಿಲ್ಲ, ದನಿಯ ಜೊತೆಗೇ ಹ ಸೇರಿ ಹೊರಡುತ್ತದೆ.

ಇನ್ನು ಹಾಳೆಯ ವಿಷಯ. ಧನ್ಯವಾದಗಳು, ಶುಭೋದಯ, ಶುಭರಾತ್ರಿ, ಅಭಿನಂದನೆಗಳು, ಇವೆಲ್ಲ ಅದರಲ್ಲಿ ಇರಬೇಕು ಅಲ್ವಾ? ಇಂಗ್ಲಿಷಿನ ಒಂದೊಂದು ಮಾತಿಗೂ ಒಂದೊಂದು ಕನ್ನಡ ಪದ ಹುಡುಕಿದಾಗ ಸಂಸ್ಕೃತದ ಪದಗಳು ಬರುತ್ತವೆ. ಅವುಗಳ ಜೊತೆ ಮಹಾಪ್ರಾಣವೂ ಬರುತ್ತದೆ. ಬಾಯಿಮಾತಿನ ಹೇಳಿ, ಕೊಡಿ, ನೋಡಿ, ಬೇಡ, ಎಲ್ಲಿ, ಎಷ್ಟು ಇವುಗಳಲ್ಲಿ ಒಂದೂ ಮಹಾಪ್ರಾಣ ಇಲ್ಲ. ಡ, ಳ, ಟ ಮಾತ್ರ ತುಂಬಿವೆ. "ಹೇಲಿ" ಅಂದರೆ ಕೇಳಿದವರು ತಲೆ ತಗ್ಗಿಸುತ್ತಾರೆ. "ದನ್ಯವಾದ" ಅಂದರೆ ಯಾರಿಗೂ ಅರ್ಥ ತಪ್ಪುವುದಿಲ್ಲ, ಕನ್ನಡದವರೇ ಎಷ್ಟೋ ಜನ ಹಾಗೆ ಹೇಳುತ್ತಾರೆ.

ಪಡಸಾಲೆ:
ಬೇರೆಯವರು ಹೇಳುತ್ತಾರೆ ಅಂತ ಹೊಸಬರಿಗೆ ಅದನ್ನೇ ಕಲಿಸಬೇಕಾ? ಬರೆಯುವಾಗ ಧ ಇದೆ. ನಾಳೆ ಅವರು ಕನ್ನಡ ಓದಲು ಕಲಿತಾಗ ಎರಡೆರಡು ಸಲ ಕಲಿಯಬೇಕಾಗುತ್ತದೆ.

ಶಿಫ್ಟ್‌ಕೀಲಿ:
ಮೊದಲು ಪ್ರಶ್ನೆಯನ್ನು ತಪ್ಪು ತಿಳಿದುಕೊಂಡೆ, ಕ್ಷಮಿಸಿ. ಈ ವಿಷಯದಲ್ಲಿ ಭಾಷಾ ವಿದ್ವಾಂಸ ಡಿ. ಎನ್. ಶಂಕರ ಬಟ್ ಅವರ ವಾದ ನೆನಪಾಯಿತು. ಕನ್ನಡದವರ ಮಾತಿನಲ್ಲಿ ಮಹಾಪ್ರಾಣ ಇಲ್ಲ, ಬರಹದಲ್ಲೂ ಆ ಅಕ್ಷರಗಳು ಬೇಡ ಅಂದವರು ಅವರು. ತಮ್ಮ ಹೆಸರನ್ನೂ ಬಟ್ ಅಂತಲೇ ಬರೆಯುತ್ತಿದ್ದರು.

ಪಡಸಾಲೆ:
ಅದನ್ನು ಒಪ್ಪದವರೂ ಅಷ್ಟೇ ಜನ ಇದ್ದಾರೆ, ನಾನೂ ಒಬ್ಬ. ನಮ್ಮ ಮನೆಯಲ್ಲಿ ಎಲ್ಲರೂ ಧ, ಭ ಹೇಳುತ್ತೇವೆ. ನಮ್ಮ ಮಾತು ಕನ್ನಡ ಅಲ್ವಾ?

ನಾಲಗೆತುದಿ:
ಖಂಡಿತ ಕನ್ನಡವೇ. ನಾನು ಬೇಡ ಅನ್ನುತ್ತಿಲ್ಲ, ಆಮೇಲೆ ಅನ್ನುತ್ತಿದ್ದೇನೆ. ದ ಗಟ್ಟಿಯಾಗಿ ಹಲ್ಲಿಗೆ ಕೂರದೆ ಧ ಹೇಳಿಸಿದರೆ "ಢನ್ಯವಾಡ" ಬರುತ್ತದೆ. ಅದನ್ನು ಬಿಡಿಸುವುದು ಇನ್ನೂ ಕಷ್ಟ.

ನೀಲಿಶಾಯಿ:
ಕಲಿತದ್ದು ನಿಜವಾಗಿ ಕೂತಿದೆಯಾ ಅಂತ ನೋಡುವುದು ಹೇಗೆ? ನನಗೆ ವಾಕ್ಯ ಮೊದಲೇ ಗೊತ್ತಿರುವುದರಿಂದ ಎಲ್ಲವೂ ಸರಿಯಾಗಿಯೇ ಕೇಳಿಸುತ್ತದೆ.

ನಾಲಗೆತುದಿ:
ಹಾಳೆ ನೋಡದವರೊಬ್ಬರನ್ನು ಕೂರಿಸಿ. ಕುಡಿ, ಕುದಿ, ಬಳೆ, ಬಲೆ, ಹುಳಿ, ಹುಲಿ, ಇವನ್ನು ಚೀಟಿಗಳಲ್ಲಿ ಬರೆದು ಕಲಸಿ. ಅತ್ತಿಗೆ ಎತ್ತಿದ ಚೀಟಿ ಓದಲಿ, ಅವರು ಕೇಳಿಸಿದ್ದನ್ನು ಬರೆಯಲಿ. ಅದಕ್ಕೂ ಮೊದಲು ನೀವು ಓದಿ, ಅತ್ತಿಗೆ ಯಾವುದು ಅಂತ ಗುರುತಿಸಲಿ. ಕಿವಿಗೆ ವ್ಯತ್ಯಾಸ ಸಿಗದಿದ್ದರೆ ನಾಲಗೆಗೆ ಸಿಕ್ಕುವುದು ಕಷ್ಟ.

ನೀಲಿಶಾಯಿ:
ಅಮ್ಮನನ್ನು ಕೂರಿಸಿ ಮಾಡಿಸಿದೆ. 20 ಚೀಟಿಯಲ್ಲಿ 15 ಸರಿ. ಬಳೆ, ಹುಳಿ ಒಂದೂ ತಪ್ಪಲಿಲ್ಲ. ತಪ್ಪಿದ ಐದೂ ಕುಡಿ, ಕುದಿ ಜೋಡಿಯವು, ಅದರಲ್ಲಿ ಎರಡು ಸಲ ಅಮ್ಮ "ಕುರಿ" ಅಂತ ಬರೆದಿದ್ದಾರೆ. ಇವತ್ತಿನಿಂದ ಮತ್ತೆ ಗುಡ್ಡ, ದಡ್ಡ, ಅಡ್ಡ. ಹಾಳೆಯಿಂದ ಶುಭೋದಯ, ಶುಭರಾತ್ರಿ ತೆಗೆದಿದ್ದೇನೆ. ಧನ್ಯವಾದಗಳು ಮಾತ್ರ ಇರಲಿ ಅಂತ ಅತ್ತಿಗೆಯೇ ಹೇಳಿದರು, ಅದನ್ನು ಅಮ್ಮನಿಗೆ ಹೇಳಬೇಕಂತೆ.